ಭಾನುವಾರ ಬಂದು ಎತ್ಕೊಂಡು ಹೋಗ್ತಾರಂತೆ

ಸೊಸೆ ಫ್ರಿಜ್ಜಿಗೆ ಒರಗಿ ನಿಂತು ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದಾಳೆ: "ತುಂಬಾ ಹಳೇದಾಯ್ತು ಕಣಕ್ಕಾ. ರಾತ್ರಿಯೆಲ್ಲ ಗೊರ್ ಅನ್ನುತ್ತೆ, ನಿದ್ದೇನೇ ಬರಲ್ಲ. ಭಾನುವಾರ ಬಂದು ಎತ್ಕೊಂಡು ಹೋಗ್ತಾರಂತೆ." ಬಾಗಿಲ ಹಿಂದೆ ಅತ್ತೆ. ನಡುಮನೆಯಲ್ಲಿ ಪೇಪರ್ ಹಿಡಿದ ಮಾವ. ಮೂವರಾಗಿಯೂ ನಟಿಸುವವನು ಒಬ್ಬನೇ. ಮೊಬೈಲಿನಲ್ಲಿ ನಾವು ದಿನವೂ ನೋಡಿ ನಗುವ ಇಂಥ ಒಂದೂವರೆ ನಿಮಿಷದ ಪ್ರಹಸನವನ್ನು ಬರೆಯುವುದು ಹೇಗೆ ಎಂಬುದಕ್ಕೆ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ಗೊಂದಲವನ್ನು ಹುಟ್ಟಿಸಿದ್ದು ಕನ್ನಡದ ವ್ಯಾಕರಣ. ನಮ್ಮ ಮಾತಿನಲ್ಲಿ ಕರ್ತೃಪದವನ್ನು ಬಿಟ್ಟರೂ ವಾಕ್ಯ ನಡೆಯುತ್ತದೆ. "ಹಳೇದಾಯ್ತು" ಎಂದರೆ ಏನು ಹಳೆಯದಾಯಿತೆಂದು ಹೇಳಬೇಕಿಲ್ಲ. ಆದರೆ ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ಅತ್ತೆಯ ಬಗ್ಗೆಯಾದರೆ "ಅನ್ನುತ್ತಾರೆ" ಎನ್ನಬೇಕು, "ಅನ್ನುತ್ತೆ" ಎಂದರೆ ವಸ್ತು. ಹಳೇ ಮೈಸೂರು ಕಡೆ ಸಲಿಗೆಯಲ್ಲೋ ಸಿಟ್ಟಿನಲ್ಲೋ "ನಮ್ಮತ್ತೆ ಬಂತು" ಎನ್ನುವುದುಂಟು. ಹಾಗಾಗಿ ಅಲ್ಲಿನ ಅತ್ತೆಗೆ ಎರಡು ಪೆಟ್ಟು: ತನ್ನನ್ನು ಸಾಗಹಾಕುತ್ತಿದ್ದಾರೆ ಎಂಬುದು ಒಂದು, ಸೊಸೆ "ಅದು" ಅಂದಳಲ್ಲ ಎಂಬುದು ಇನ್ನೊಂದು. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆ ನಪುಂಸಕ ಲಿಂಗವೇ ಸಹಜ. ಅಲ್ಲಿ ಗೊಂದಲ ಇನ್ನೂ ಸಲೀಸು, ಅವಮಾನದ ಖಾರ ಮಾತ್ರ ಇರುವುದಿಲ್ಲ. ಪ್ರಹಸನ ಯಾವ ಸೀಮೆಯ ಮನೆಯದು ಎಂಬುದನ್ನು ಮೊದಲೇ ನಿರ್ಧರಿಸಬೇಕಾದದ್ದು ಇದಕ್ಕಾಗಿ.

"ಫ್ರಿಜ್" ಎಂಬ ಪದ ಕೊನೆಯವರೆಗೂ ಯಾರ ಬಾಯಲ್ಲೂ ಬರಬಾರದು. ಬಾರದಿರುವುದಕ್ಕೆ ಕಾರಣವೂ ಬೇಕು, ಇಲ್ಲದಿದ್ದರೆ ಬರೆದವನು ಬಚ್ಚಿಟ್ಟಿದ್ದಾನೆಂದು ನೋಡುಗನಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಸೊಸೆಯ ಮಾತು ನಡುವಿನಿಂದ ಶುರುವಾಗುತ್ತದೆ. ಅಕ್ಕನಿಗೆ ವಿಷಯ ಆಗಲೇ ಗೊತ್ತಿದೆ. ನೋಡುಗನಿಗೆ ಮಾತ್ರ ಮೊದಲ ಮೂರು ಸೆಕೆಂಡಿನಲ್ಲೇ ಫ್ರಿಜ್ ಕಾಣಬೇಕು. ಅವನಿಗೂ ಗೊತ್ತಿಲ್ಲದಿದ್ದರೆ ಇದು ಒಗಟಾಗುತ್ತದೆ, ಕೊನೆಯಲ್ಲಿ ಒಂದೇ ಸಲ ನಗು. ಗೊತ್ತಿದ್ದರೆ ಅತ್ತೆಯ ಮುಖ ತೋರಿಸಿದಾಗಲೆಲ್ಲ ನಗು.

ಇನ್ನು ಮೂರನೆಯವರು. ಜಗಳ ಬಿಡಿಸಲು ಬರುವ ಮಾವ ಕೆಲಸಕ್ಕೆ ಬಾರದವರು. ಸತ್ಯ ಗೊತ್ತಿದ್ದು, ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳದ ಮಾವ ಬೇಕು.

ಅತ್ತೆ: ರೀ, ಭಾನುವಾರದ ವಿಷಯ ನಿಮಗೂ ಗೊತ್ತಾ?

ಮಾವ: ಹೂಂ. ನಾನೇ ಹೇಳ್ದೆ. ಇಪ್ಪತ್ತು ವರ್ಷ ಆಯ್ತು, ಇನ್ನೆಷ್ಟು ಸಲ ರಿಪೇರಿ ಮಾಡ್ಸೋದು?

ಅತ್ತೆ: (ಮಂಡಿ ಮುಟ್ಟಿಕೊಂಡು) ಆ ಜಾಗಕ್ಕೆ?

ಮಾವ: ಹೊಸದು ಬರುತ್ತೆ. ಇದಕ್ಕಿಂತ ಎತ್ತರ. ಸದ್ದೇ ಮಾಡಲ್ಲ.

ಮಾವನ ಒಂದೊಂದು ಮಾತೂ ನಿಜವೇ. ಯಾರೂ ಸುಳ್ಳು ಹೇಳದೆ ಗೊಂದಲ ಬೆಳೆದರೆ ಬರವಣಿಗೆ ಗಟ್ಟಿಯಾಗಿದೆ ಎಂದರ್ಥ. ಅತ್ತೆಯನ್ನು ಕೀರಲು ದನಿಯ ರಾಕ್ಷಸಿ ಮಾಡುವ ಚಾಳಿ ನನಗಂತೂ ಸಹಿಸದು. ಆಕೆಗೆ ನಿಜಕ್ಕೂ ನೋವಾಗಬೇಕು, ಆಗಲೇ "ಸದ್ದೇ ಮಾಡಲ್ಲ" ಎಂಬ ಮಾತು ಚುಚ್ಚುವುದು.

1978ರ 'ಶಂಕರ್ ಗುರು'ವಿನಲ್ಲಿ ರಾಜ್‌ಕುಮಾರ್ ಅವರದು ಮೂರು ಪಾತ್ರ. ಸಿನಿಮಾದವರು ಒಬ್ಬರನ್ನೇ ಒಂದೇ ಚೌಕಟ್ಟಿನೊಳಗೆ ಎರಡೆರಡಾಗಿ ತೋರಿಸಬಲ್ಲರು. ಮನೆಯಲ್ಲಿ ಫೋನ್ ಹಿಡಿದವನು ಅದರ ಗೊಡವೆಗೆ ಹೋಗದೆ ಒಬ್ಬೊಬ್ಬರನ್ನೇ ತೋರಿಸುತ್ತಾನೆ. ಹಾಗಾಗಿ ಇಬ್ಬರು ಒಟ್ಟಿಗೆ ಕಿರುಚುವುದು, ತಬ್ಬಿಕೊಂಡು ಅಳುವುದು ಬರೆಯುವಂತಿಲ್ಲ. ಮಾತು ಸರದಿಯಲ್ಲೇ ಬರಬೇಕು. ಚಿತ್ರೀಕರಣ ಮಾತ್ರ ಕಥೆಯ ಸರದಿಯಲ್ಲಿ ನಡೆಯುವುದಿಲ್ಲ. ಒಮ್ಮೆ ಅತ್ತೆಯ ಸೀರೆ ಉಟ್ಟರೆ ಅತ್ತೆಯ ಮಾತೆಲ್ಲ ಮುಗಿಸಿ, ಏನೂ ಮಾತಾಡದೆ ಬರೀ ಕೇಳಿಸಿಕೊಳ್ಳುವ ಮುಖವನ್ನೂ ಐದೈದು ಸೆಕೆಂಡು ತೆಗೆದಿಟ್ಟುಕೊಳ್ಳಬೇಕು. ಇದನ್ನು ಮರೆತರೆ ಆಮೇಲೆ ಮತ್ತೆ ಸೀರೆ ಉಡಬೇಕಾಗುತ್ತದೆ. ಎದುರು ಯಾರೂ ಇಲ್ಲದೆ ಮಾತಾಡಿದರೆ ಉತ್ತರ ಬಲು ಬೇಗ ಬಂದುಬಿಡುತ್ತದೆ. ಮಿಕ್ಕಿಬ್ಬರ ಮಾತನ್ನು ಮೊದಲೇ ಧ್ವನಿಮುದ್ರಿಸಿ, ಅದನ್ನು ಕೇಳುತ್ತಾ ಉತ್ತರಿಸುವುದು ಒಳ್ಳೆಯದು.

ಹೆಚ್ಚಿನವರು ಎಡವುವುದು ನೋಟದ ದಿಕ್ಕಿನಲ್ಲಿ. ಸೊಸೆ ಬಲಕ್ಕೆ ನೋಡಿ ಮಾತಾಡಿದರೆ ಅತ್ತೆ ಎಡಕ್ಕೆ ನೋಡಬೇಕು. ಮೂರನೆಯವರು ಬಂದೊಡನೆ ಈ ಲೆಕ್ಕ ಸಾಲದು. ಮಾವನನ್ನು ಕುರ್ಚಿಯಲ್ಲಿ ಕೂರಿಸಿದ್ದು ಅದಕ್ಕೇ: ಅವರೊಡನೆ ಮಾತಾಡುವವರು ಕಣ್ಣು ತಗ್ಗಿಸುತ್ತಾರೆ, ಅವರು ಕತ್ತೆತ್ತುತ್ತಾರೆ. ಬಾಗಿಲ ಚೌಕಟ್ಟಿಗೆ, ಗೋಡೆಯ ಕ್ಯಾಲೆಂಡರಿಗೆ ಬಣ್ಣದ ಚೀಟಿ ಅಂಟಿಸಿ, ಯಾರು ಎಲ್ಲಿ ನೋಡಬೇಕೆಂದು ಹಸ್ತಪ್ರತಿಯಲ್ಲಿ ಪ್ರತಿ ಮಾತಿನ ಪಕ್ಕದಲ್ಲೂ ಬರೆದುಕೊಳ್ಳಬಹುದು.

ಈ ಸಲ ಇಂಥದ್ದೊಂದನ್ನು ನೋಡುವಾಗ ಫೋನಿನ ದನಿ ಪೂರ್ತಿ ಇಳಿಸಿ ನೋಡಿ. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಆಗಲೂ ತಿಳಿದರೆ ಕೆಲಸ ಅಚ್ಚುಕಟ್ಟಾಗಿದೆ. ಮಾವ ಫ್ರಿಜ್ಜಿನ ಜೊತೆ ಮಾತಾಡುತ್ತಿರುವಂತೆ ಕಂಡರೆ ಇಲ್ಲ.