ಹತ್ತು ಸಾವಿರ ಸಲ ನೋಡಿದರೂ ಒಮ್ಮೆಯೂ ಆಗಲಿಲ್ಲ: ಹಾಗಾದರೆ ಅಪಾಯ ಸೊನ್ನೆಯೇ?

"ಕಂಪ್ಯೂಟರಿನಲ್ಲಿ 10,000 ಸಲ ಪರೀಕ್ಷಿಸಿದ್ದಾರೆ, ಒಂದು ಸಲವೂ ಅನಾಹುತ ಆಗಿಲ್ಲ, ಆದ್ದರಿಂದ ಅಪಾಯವೇ ಇಲ್ಲ." ಅಣೆಕಟ್ಟು, ಸೇತುವೆ, ವಿಮಾನ, ಅಣು ಸ್ಥಾವರ, ಯಾವುದರ ಬಗ್ಗೆಯಾದರೂ ಇಂಥ ಒಂದು ಸಾಲು ನಿಮ್ಮ ವಾಟ್ಸಾಪ್‌ಗೆ ಬರಬಹುದು. ಪರೀಕ್ಷೆ ನಡೆದದ್ದು ನಿಜವೇ ಇರಬಹುದು. ಆದರೆ ಕೊನೆಯಲ್ಲಿರುವ "ಆದ್ದರಿಂದ" ಮಾತ್ರ ಸುಳ್ಳು.

10,000 ಸಲದಲ್ಲಿ ಒಮ್ಮೆಯೂ ಆಗದ ಘಟನೆಯ ಸಾಧ್ಯತೆ ಹತ್ತು ಸಾವಿರಕ್ಕೆ 3ರವರೆಗೂ ಇರಬಹುದು ಎಂಬುದು ಸಂಖ್ಯಾಶಾಸ್ತ್ರದ ಹಳೆಯ ಲೆಕ್ಕ. ಅಂದರೆ ಆ ಪರೀಕ್ಷೆ "ಹೆಚ್ಚೆಂದರೆ ಇಷ್ಟು" ಎಂದು ಹೇಳಬಲ್ಲದು, "ಸೊನ್ನೆ" ಎಂದು ಹೇಳಲಾರದು. ಹಾಗಾದರೆ ಲಕ್ಷಕ್ಕೆ ನಾಲ್ಕೈದು ಸಲ ಆಗುವ ಘಟನೆಯನ್ನು ಬರೀ 10,000 ಪ್ರಯತ್ನಗಳಲ್ಲಿ ಅಳೆಯಲು ಸಾಧ್ಯವೇ? ಸಾಧ್ಯ. ಅದಕ್ಕೊಂದು ಉಪಾಯವಿದೆ, ಹೆಸರು ಇಂಪಾರ್ಟೆನ್ಸ್ ಸ್ಯಾಂಪ್ಲಿಂಗ್. ಆ ಉಪಾಯವೂ ತಪ್ಪು ಕೈಯಲ್ಲಿ ಸದ್ದಿಲ್ಲದೆ ಮೋಸ ಮಾಡುತ್ತದೆ. ಎರಡನ್ನೂ ಒಂದೇ ಉದಾಹರಣೆಯಲ್ಲಿ ನೋಡೋಣ.

ಒಂದು ಮೀಟರ್ ಗೋಡೆ

ಈ ವಿಧಾನ ಬೆಳೆದದ್ದೇ ಅಣು ವಿಕಿರಣವನ್ನು ತಡೆಯುವ ಗೋಡೆಗಳ ಲೆಕ್ಕದಿಂದ. ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿದ್ದ ಹರ್ಮನ್ ಕಾನ್ 1950ರ ಆಸುಪಾಸಿನಲ್ಲಿ ನ್ಯೂಟ್ರಾನ್‌ಗಳು ದಪ್ಪ ಗೋಡೆಯನ್ನು ದಾಟುವ ಪ್ರಮಾಣವನ್ನು ಹೀಗೆ ಲೆಕ್ಕ ಹಾಕಿ ಪ್ರಕಟಿಸಿದರು. (ಅಣು ಯುದ್ಧದ ಬಗ್ಗೆ ಬರೆದು ಮುಂದೆ ವಿವಾದಕ್ಕೆ ಸಿಕ್ಕಿದ ಕಾನ್ ಇವರೇ.) ನಾವೂ ಗೋಡೆಯನ್ನೇ ತೆಗೆದುಕೊಳ್ಳೋಣ.

ಗೋಡೆಯ ದಪ್ಪ 100 ಸೆಂಟಿಮೀಟರ್. ಒಳಹೊಕ್ಕ ಕಣ ಸರಾಸರಿ 10 ಸೆಂಟಿಮೀಟರ್ ಓಡಿ ಹೀರಿಹೋಗುತ್ತದೆ. ಸರಾಸರಿ ಅಷ್ಟೇ; ಕೆಲವು 2 ಸೆಂಟಿಮೀಟರಿಗೇ ನಿಲ್ಲುತ್ತವೆ, ಕೆಲವು 30ರವರೆಗೂ ಹೋಗುತ್ತವೆ. ಪ್ರತಿ 10 ಸೆಂಟಿಮೀಟರಿಗೆ ನೂರರಲ್ಲಿ ಸುಮಾರು 37 ಕಣ ಮಾತ್ರ ಉಳಿಯುತ್ತವೆ. ಹೀಗೆ ಹತ್ತು ಸಲ ಸೋಸಿದ ಮೇಲೆ ಗೋಡೆ ದಾಟುವುದು ಲಕ್ಷಕ್ಕೆ 4.54 ಕಣ. ನಿಜವಾದ ಕಾಂಕ್ರೀಟಿನಲ್ಲಿ ಕಣಗಳು ಢಿಕ್ಕಿ ಹೊಡೆದು ದಿಕ್ಕು ಬದಲಿಸುತ್ತವೆ, ಶಕ್ತಿ ಕಳೆದುಕೊಳ್ಳುತ್ತವೆ. ಅಲ್ಲಿ ಉತ್ತರ ಹೀಗೆ ಕೈಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೇ ಕಂಪ್ಯೂಟರ್ ಬೇಕು. ನಾವು ಸರಳ ಗೋಡೆ ಆರಿಸಿದ್ದಕ್ಕೆ ಕಾರಣ ಒಂದೇ: ಸರಿ ಉತ್ತರ ಮೊದಲೇ ಗೊತ್ತಿದ್ದರೆ ವಿಧಾನ ಎಲ್ಲಿ ಎಡವಿತು ಎಂದು ಹಿಡಿಯಬಹುದು.

ಗಣಿತದ ಭಾಷೆಯಲ್ಲಿ ಇದೊಂದು ಇಂಟಿಗ್ರಲ್, ಅಂದರೆ ಒಂದು ಗೆರೆಯ ಕೆಳಗಿನ ಜಾಗದ ಅಳತೆ. ಕಣ ಎಷ್ಟು ದೂರ ಓಡುತ್ತದೆ ಎಂಬ ಗೆರೆ ಶುರುವಿನಲ್ಲಿ ಎತ್ತರವಾಗಿದ್ದು ಬೇಗ ಇಳಿಯುತ್ತದೆ. ನಮಗೆ ಬೇಕಾದದ್ದು 100 ಸೆಂಟಿಮೀಟರಿನ ಆಚೆಗಿರುವ ತೆಳು ಬಾಲ ಮಾತ್ರ.

ನೇರವಾಗಿ 10,000 ಕಣಗಳನ್ನು ಕಂಪ್ಯೂಟರಿನಲ್ಲಿ ಓಡಿಸಿದರೆ ದಾಟುವ ಕಣಗಳ ನಿರೀಕ್ಷೆ 0.45. ಅರ್ಧ ಕಣವೂ ಇಲ್ಲ! ನೂರು ಜನ ಈ ಪರೀಕ್ಷೆ ಮಾಡಿದರೆ ಸುಮಾರು 63 ಜನರಿಗೆ ಸೊನ್ನೆ ಬರುತ್ತದೆ. ಒಂದು ಕಣ ದಾಟಿದವರು "ಹತ್ತು ಸಾವಿರಕ್ಕೆ ಒಂದು" ಎನ್ನುತ್ತಾರೆ, ಅದು ನಿಜಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಯಾರಿಗೂ ಸರಿ ಉತ್ತರದ ಹತ್ತಿರ ಬರಲು ದಾರಿಯೇ ಇಲ್ಲ. ಒಂದು ಓಟಕ್ಕೂ ಇನ್ನೊಂದಕ್ಕೂ ಉತ್ತರ ಹೀಗೆ ಹೊಯ್ದಾಡುವುದನ್ನೇ ವೇರಿಯನ್ಸ್ ಹೆಚ್ಚಿದೆ ಎನ್ನುವುದು.

ಕಣಕ್ಕೆ ಬಲ ಕೊಡಿ, ತೂಕ ಕಡಿಮೆ ಮಾಡಿ

ಉಪಾಯ ಇಷ್ಟು. ಕಂಪ್ಯೂಟರಿನೊಳಗಿನ ಕಣಗಳಿಗೆ ಸುಳ್ಳು ಬಲ ಕೊಡಿ. ಸರಾಸರಿ 10 ಸೆಂಟಿಮೀಟರ್ ಬದಲು 100 ಸೆಂಟಿಮೀಟರ್ ಓಡುವಂತೆ ಮಾಡಿ. ಈಗ 10,000ದಲ್ಲಿ ಸುಮಾರು 3,680 ಕಣ ಗೋಡೆ ದಾಟುತ್ತವೆ. ಈ ಸುಳ್ಳು ಹಂಚಿಕೆಗೇ ಪ್ರಪೋಸಲ್ ಡೆನ್ಸಿಟಿ ಎಂದು ಹೆಸರು.

ಸುಳ್ಳು ಹೇಳಿದ್ದಕ್ಕೆ ಲೆಕ್ಕ ತೀರಿಸಬೇಕಲ್ಲ? ದಾಟಿದ ಪ್ರತಿ ಕಣವನ್ನೂ "ಒಂದು" ಎಂದು ಎಣಿಸುವಂತಿಲ್ಲ. ಅಷ್ಟು ದೂರ ಓಡುವ ಸಾಧ್ಯತೆ ನಿಜದಲ್ಲಿ ಎಷ್ಟು, ನಮ್ಮ ಪ್ರಪೋಸಲ್‌ನಲ್ಲಿ ಎಷ್ಟು ಎಂದು ಭಾಗಿಸಿ, ಬಂದ ಸಂಖ್ಯೆಯನ್ನು ಆ ಕಣದ ತೂಕವಾಗಿ ಎಣಿಸಬೇಕು. ಕಣ d ಸೆಂಟಿಮೀಟರ್ ಓಡಿದ್ದರೆ ಇಲ್ಲಿ ಆ ತೂಕ:

```
w = 10 × e^(−0.09 d)
```

ಸರಿಯಾಗಿ 100 ಸೆಂಟಿಮೀಟರಿಗೆ ನಿಂತ ಕಣದ ತೂಕ 0.00123. 130ಕ್ಕೆ ನಿಂತದ್ದರ ತೂಕ 0.000083. 200 ದಾಟಿದವುಗಳ ತೂಕ ಹೆಚ್ಚುಕಡಿಮೆ ಏನೂ ಇಲ್ಲ. ದಾಟಿದ 3,680 ಕಣಗಳ ತೂಕ ಕೂಡಿಸಿದರೆ ಸುಮಾರು 0.454. ಅದನ್ನು 10,000ದಿಂದ ಭಾಗಿಸಿದರೆ 0.0000454, ಲಕ್ಷಕ್ಕೆ 4.54. ಪ್ರತಿ ಓಟದಲ್ಲೂ ಇದೇ ಬರುವುದಿಲ್ಲ, ಆದರೆ ಸಾಮಾನ್ಯ ಏರುಪೇರು ಶೇಕಡಾ 3.7 ಮಾತ್ರ. ನೇರ ದಾರಿಯಲ್ಲಿ ಇಷ್ಟೇ ನಿಖರತೆ ಬೇಕೆಂದರೆ 1.6 ಕೋಟಿಗೂ ಹೆಚ್ಚು ಕಣಗಳನ್ನು ಓಡಿಸಬೇಕಿತ್ತು.

ಇನ್ನೂ ಬಲ ಕೊಟ್ಟರೆ?

ಇಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವ ಯೋಚನೆ: 37% ಕಣ ದಾಟಿದ್ದಕ್ಕೇ ಇಷ್ಟು ಲಾಭವಾದರೆ 99% ದಾಟಿಸಿದರೆ ಇನ್ನೂ ಒಳ್ಳೆಯದಲ್ಲವೇ? ಸರಾಸರಿ ಓಟವನ್ನು 100 ಮೀಟರಿಗೆ ಏರಿಸಿ. ಈಗ ನೂರಕ್ಕೆ 99 ಕಣ ಗೋಡೆ ದಾಟುತ್ತವೆ. ಆದರೆ ಉತ್ತರದ ಏರುಪೇರು ಶೇಕಡಾ 22ಕ್ಕೆ ಹೋಗುತ್ತದೆ, ಮೊದಲಿಗಿಂತ ಆರು ಪಟ್ಟು ಕೆಟ್ಟದ್ದು.

ಕಾರಣ ಹೀಗಿದೆ. ನಿಜದ ಉತ್ತರದಲ್ಲಿ 95% ಪಾಲು ಬರುವುದು 100ರಿಂದ 130 ಸೆಂಟಿಮೀಟರ್ ನಡುವೆ ನಿಲ್ಲುವ ಕಣಗಳಿಂದ. ಗೋಡೆಯಾಚೆಗೂ ಅದೇ ವಸ್ತು ಇದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದವು ಎಂಬ ಲೆಕ್ಕ ಅದು. ಅಂದರೆ ಹೇಗೋ ಏದುಸಿರು ಬಿಡುತ್ತ ಗೋಡೆ ದಾಟಿದವೇ ಎಲ್ಲ. ಮೊದಲ ಪ್ರಪೋಸಲ್‌ನಲ್ಲಿ ಆ 30 ಸೆಂಟಿಮೀಟರಿನಲ್ಲಿ ಸುಮಾರು 950 ಕಣ ಬಿದ್ದಿದ್ದವು. ಎರಡನೆಯದರಲ್ಲಿ ಬೀಳುವುದು 30. ಉಳಿದ ಸಾವಿರಾರು ಕಣ ಐವತ್ತು, ನೂರು ಮೀಟರ್ ದೂರ ಹೋಗಿ ಬಿದ್ದಿವೆ. ನಿಜದ ಕಣ ಎಂದೂ ಹೋಗದ ಜಾಗ ಅದು, ಆದ್ದರಿಂದ ಅವುಗಳ ತೂಕ ಸೊನ್ನೆಗೆ ಸಮ. ಇಡೀ ಉತ್ತರವನ್ನು ಮೂವತ್ತು ಕಣ ಹೊತ್ತು ನಿಂತಿವೆ. ಅವು 25 ಆದರೂ 36 ಆದರೂ ಉತ್ತರ ಅಲುಗಾಡುತ್ತದೆ.

ಪ್ರಪೋಸಲ್ ಹೇಗಿರಬೇಕು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಅಪರೂಪದ ಜಾಗಕ್ಕೆ ಕಣ ತಲುಪಿದರೆ ಸಾಲದು. ಆ ಜಾಗದೊಳಗೂ ಉತ್ತರಕ್ಕೆ ಎಲ್ಲಿಂದ ಎಷ್ಟು ಪಾಲು ಬರುತ್ತದೋ ಅಲ್ಲಿ ಅಷ್ಟೇ ಪಾಲಿನ ಕಣ ಬೀಳಬೇಕು. ಪೂರ್ತಿ ಹೊಂದಿದರೆ ಎಲ್ಲ ತೂಕವೂ ಒಂದೇ ಆಗಿ ವೇರಿಯನ್ಸ್ ಸೊನ್ನೆಗಿಳಿಯುತ್ತದೆ. ತಮಾಷೆ ಎಂದರೆ ಅಂಥ ಪ್ರಪೋಸಲ್ ಕಟ್ಟಲು ಉತ್ತರವೇ ಮೊದಲು ಗೊತ್ತಿರಬೇಕು, ಗೊತ್ತಿದ್ದರೆ ಕಂಪ್ಯೂಟರ್ ಏಕೆ? ಹಾಗಾಗಿ ನಿಜದ ಕೆಲಸದಲ್ಲಿ ಹತ್ತಿರದ ಊಹೆ ಸಾಕು. ಸರಾಸರಿ ಓಟವನ್ನು 50 ಸೆಂಟಿಮೀಟರ್ ಇಟ್ಟಿದ್ದರೂ ಏರುಪೇರು ಶೇಕಡಾ 4.4 ಮಾತ್ರ ಆಗುತ್ತಿತ್ತು.

ಈ ಬಗೆಯ ತಪ್ಪನ್ನು ಹಿಡಿಯುವುದು ಸುಲಭ. ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗದ ಮೊತ್ತದಿಂದ ಭಾಗಿಸಿದರೆ ನಿಜವಾಗಿ ಎಷ್ಟು ಕಣಗಳು ದುಡಿಯುತ್ತಿವೆ ಎಂಬ ಅಂದಾಜು ಸಿಗುತ್ತದೆ. ಒಂದು ಮೀಟರ್ ಪ್ರಪೋಸಲ್‌ಗೆ ಅದು ಸುಮಾರು 700, ನೂರು ಮೀಟರಿನದ್ದಕ್ಕೆ ಸುಮಾರು 20. "10,000 ಕಣ ಓಡಿಸಿದ್ದೇವೆ" ಎಂಬ ಮಾತಿನ ಪಕ್ಕದಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಆ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಹಿಡಿಯಲಾಗದ ತಪ್ಪು

ಇನ್ನೊಂದು ಬಗೆಯ ತಪ್ಪಿದೆ, ಅದು ಯಾವ ಸಂಖ್ಯೆಯಲ್ಲೂ ಕಾಣುವುದಿಲ್ಲ. ನಮ್ಮ ಗೋಡೆಯಲ್ಲಿ ಆರುಪಾರು ಒಂದು ಸಣ್ಣ ಸೀಳು ಇದೆ ಎಂದುಕೊಳ್ಳಿ. ಗೋಡೆಯ ಮುಖದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಅದಕ್ಕೆ ನೇರವಾಗಿ ಹೊಕ್ಕ ಕಣ ಅಡ್ಡಿಯಿಲ್ಲದೆ ಆಚೆ ಹೋಗುತ್ತದೆ. ಆಗ ಸೀಳಿನಿಂದಲೇ ಲಕ್ಷಕ್ಕೆ 10 ಕಣ ಬರುತ್ತವೆ, ಗೋಡೆಯಿಂದ ಬರುವುದು 4.54. ನಿಜದ ಉತ್ತರ 14.54. ಕಲ್ಪನೆಯ ಮಾತಲ್ಲ ಇದು. ಪೈಪು, ಕೇಬಲ್ ಹೋಗಲು ಬಿಟ್ಟ ಕಿಂಡಿಗಳಿಂದ ವಿಕಿರಣ ಸೋರುವುದು ರಕ್ಷಣಾ ಗೋಡೆ ಕಟ್ಟುವವರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ.

ನಮ್ಮ ಒಳ್ಳೆಯ ಪ್ರಪೋಸಲ್ ಓಟದ ದೂರವನ್ನು ಮಾತ್ರ ಬದಲಿಸಿತ್ತು. ಕಣ ಗೋಡೆಯ ಯಾವ ಜಾಗದಲ್ಲಿ ಹೊಕ್ಕಬೇಕು ಎಂಬುದನ್ನು ಹಾಗೆಯೇ ಬಿಟ್ಟಿತ್ತು. 10,000 ಕಣಗಳಲ್ಲಿ ಒಂದೂ ಸೀಳಿಗೆ ಬೀಳದಿರುವ ಸಾಧ್ಯತೆ 37%. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಓಟಗಳಲ್ಲಿ ಕಂಪ್ಯೂಟರ್ "ಲಕ್ಷಕ್ಕೆ 4.54, ಏರುಪೇರು ಶೇಕಡಾ 3.7" ಎಂದು ಧೈರ್ಯವಾಗಿ ಅಚ್ಚು ಹಾಕುತ್ತದೆ. ದುಡಿಯುವ ಕಣಗಳ ಸಂಖ್ಯೆಯೂ ಅದೇ 700. ನಿಜ ಉತ್ತರ ಮೂರು ಪಟ್ಟು ದೊಡ್ಡದು. ಏರುಪೇರು ಲೆಕ್ಕ ಹಾಕಿರುವುದು ಕಂಡ ಕಣಗಳಿಂದಲೇ, ಕಾಣದ ದಾರಿಯ ಬಗ್ಗೆ ಅದಕ್ಕೇನು ಗೊತ್ತು?

ಉಳಿದ ಓಟಗಳಲ್ಲಿ ಒಂದೋ ಎರಡೋ ಕಣ ಸೀಳಿಗೆ ಬಿದ್ದು ಉತ್ತರ ಒಮ್ಮೆಲೇ ಜಿಗಿಯುತ್ತದೆ. ಒಂದೇ ಕಣ ಮೊತ್ತದ ಮೂರನೇ ಎರಡು ಪಾಲು ಹೊತ್ತಿರುತ್ತದೆ. ಇದನ್ನು "ಏನೋ ಎಡವಟ್ಟು" ಎಂದು ಅಳಿಸಿಹಾಕುವ ಆಸೆ ಆಗುತ್ತದೆ, ಆದರೆ ಸೀಳಿನ ಸುಳಿವು ಕೊಟ್ಟದ್ದು ಅದೊಂದೇ ಕಣ. ಅದಕ್ಕಾಗಿಯೇ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಗಳಿಂದ ಹಲವು ಸಲ ಓಡಿಸಿ, ಪ್ರಪೋಸಲ್ ಅನ್ನೇ ಬದಲಿಸಿ ಓಡಿಸಿ, ಉತ್ತರಗಳು ಒಪ್ಪುತ್ತವೆಯೇ ಎಂದು ನೋಡುವುದು.

ಸರಿಪಡಿಸುವುದು ಕಷ್ಟವಲ್ಲ. ಗೋಡೆಯ ನಕ್ಷೆ ನೋಡಿ ಸೀಳು ಎಲ್ಲಿದೆ ತಿಳಿದುಕೊಂಡು, ಅರ್ಧದಷ್ಟು, ಅಂದರೆ 5,000 ಕಣಗಳನ್ನು ಬೇಕೆಂದೇ ಅಲ್ಲಿಗೆ ಕಳಿಸಿ. ನಿಜದಲ್ಲಿ ಅಲ್ಲಿ ಬೀಳುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು, ನಮ್ಮಲ್ಲಿ ಎರಡಕ್ಕೆ ಒಂದು. ಆದ್ದರಿಂದ ಪ್ರತಿ ಕಣದ ತೂಕ 0.0002. ಐದು ಸಾವಿರ ಸೇರಿ 1, ಹತ್ತು ಸಾವಿರದಿಂದ ಭಾಗಿಸಿದರೆ ಲಕ್ಷಕ್ಕೆ ಸರಿಯಾಗಿ 10. ಗೋಡೆಗೆ ಹೋದ ಉಳಿದರ್ಧದ ತೂಕವನ್ನು ಸುಮಾರು ಎರಡರಿಂದ ಗುಣಿಸಿದರೆ ಅಲ್ಲಿಂದ 4.54ರ ಆಸುಪಾಸು. ಈ ತಿದ್ದುಪಡಿ ಬಂದದ್ದು ಕಂಪ್ಯೂಟರಿನ ಅಂಕಿಗಳಿಂದಲ್ಲ, ನಕ್ಷೆಯಿಂದ. ನಕ್ಷೆಯಲ್ಲೇ ಬಿಟ್ಟುಹೋದ ಸೀಳಿನ ಕಡೆಗೆ ಯಾವ ಪ್ರಪೋಸಲ್ಲೂ ಬೇಕೆಂದು ಕಣ ಕಳಿಸುವುದಿಲ್ಲ.