ವೆಲ್ಡನ್‌ನ ದಾಳಗಳು, ಪಿಯರ್ಸನ್‌ನ ವರ್ಗಗಳು

1894ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಡಬ್ಲ್ಯು.ಎಫ್.ಆರ್. ವೆಲ್ಡನ್ ತನ್ನ ಹಿರಿಯ ಮಿತ್ರ ಫ್ರಾನ್ಸಿಸ್ ಗಾಲ್ಟನ್‌ಗೆ ಒಂದು ಪತ್ರ ಬರೆದ. ಅದರಲ್ಲಿದ್ದದ್ದು ದಾಳದ ಲೆಕ್ಕ. ಹನ್ನೆರಡು ದಾಳಗಳನ್ನು ಒಟ್ಟಿಗೆ 26,306 ಸಲ ಉರುಳಿಸಿ, ಪ್ರತಿ ಸಲವೂ ಎಷ್ಟು ದಾಳಗಳಲ್ಲಿ 5 ಅಥವಾ 6 ಬಿತ್ತು ಎಂದು ಬರೆದಿಡಲಾಗಿತ್ತು. ಬಿಡಿಯಾಗಿ ಎಣಿಸಿದರೆ 3,15,672 ದಾಳಗಳು. ದಾಳ ಸಾಚಾ ಆಗಿದ್ದರೆ ಅವುಗಳಲ್ಲಿ ಮೂರನೇ ಒಂದು ಪಾಲು, ಅಂದರೆ 1,05,224, ಐದೋ ಆರೋ ಆಗಬೇಕಿತ್ತು. ಬಿದ್ದದ್ದು 1,06,602. ಹೆಚ್ಚುವರಿ 1,378.

ಮೂರು ಲಕ್ಷದ ಮುಂದೆ ಇದು ಚಿಲ್ಲರೆ ಅನ್ನಿಸುತ್ತದೆ. ಆದರೆ ಚಿಲ್ಲರೆಯೋ ಅಲ್ಲವೋ ಎಂಬುದನ್ನು ಹೇಳಬೇಕಾದದ್ದು ಒಟ್ಟು ಸಂಖ್ಯೆಯಲ್ಲ, ಆಕಸ್ಮಿಕದಿಂದ ಸಹಜವಾಗಿ ಆಗುವ ಏರಿಳಿತ. ಇಂಥ ಎಣಿಕೆಯಲ್ಲಿ ಆ ಏರಿಳಿತದ ಅಳತೆಗೋಲು, ಅಂದರೆ ಮಾನಕ ವಿಚಲನೆ, npq ಎಂಬುದರ ವರ್ಗಮೂಲ. ಇಲ್ಲಿ n ಒಟ್ಟು ದಾಳಗಳ ಸಂಖ್ಯೆ, p ಎಂದರೆ 1/3, q ಎಂದರೆ 2/3. ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 265. ಹಾಗಾಗಿ 1,378 ಎಂದರೆ 5.2 ಮಾನಕ ವಿಚಲನೆಗಳಷ್ಟು ದೂರ. ಈ 5.2 ಅನ್ನು z ಎಂದು ಕರೆಯೋಣ.

ದಾಳ ಸಾಚಾ ಆಗಿದ್ದು, ಇಡೀ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ z ಪ್ರತಿ ಸಲ ಬೇರೆಯಾಗುತ್ತದೆ. ಒಮ್ಮೆ ಧನ, ಒಮ್ಮೆ ಋಣ. ಎಣಿಕೆ ದೊಡ್ಡದಾಗಿರುವುದರಿಂದ ಅದು ಗಂಟೆಯಾಕಾರದ ಪ್ರಮಾಣಿತ ನಾರ್ಮಲ್ ವಿತರಣೆಯನ್ನು ಬಹಳ ಹತ್ತಿರದಿಂದ ಅನುಸರಿಸುತ್ತದೆ: ಸರಾಸರಿ 0, ವೇರಿಯನ್ಸ್ 1. ವ್ಯತ್ಯಾಸ ಹೆಚ್ಚೋ ಕಡಿಮೆಯೋ ಎಂಬುದು ಮುಖ್ಯವಲ್ಲ, ಎಷ್ಟು ದೊಡ್ಡದು ಎಂಬುದಷ್ಟೇ ಬೇಕು ಎನ್ನುವವರು z ಅನ್ನು ವರ್ಗ ಮಾಡುತ್ತಾರೆ. ವೆಲ್ಡನ್‌ನ ದಾಳಗಳಿಗೆ ಅದು ಸುಮಾರು 27. ಇಂಥ ಒಂದೇ ವರ್ಗದ ವಿತರಣೆಯೇ ಅತ್ಯಂತ ಚಿಕ್ಕ ಕೈ-ಸ್ಕ್ವೇರ್. ಪರಸ್ಪರ ಸಂಬಂಧವಿಲ್ಲದ k ವರ್ಗಗಳನ್ನು ಕೂಡಿಸಿದರೆ ಸಿಗುವುದು k ಡಿಗ್ರಿ ಆಫ್ ಫ್ರೀಡಂ ಇರುವ ಕೈ-ಸ್ಕ್ವೇರ್, χ².

27 ದೊಡ್ಡದೇ ಎಂದು ಹೇಳಲು, ಆಕಸ್ಮಿಕವೊಂದೇ ಕೆಲಸ ಮಾಡಿದಾಗ z² ಸರಾಸರಿ ಎಷ್ಟಿರುತ್ತದೆ ಎಂಬುದು ಗೊತ್ತಿರಬೇಕು. ಇದು ಒಂದೇ ಸಾಲಿನ ಲೆಕ್ಕ. ಯಾವುದೇ ಸಂಖ್ಯೆಯ ವೇರಿಯನ್ಸ್ ಎಂದರೆ ಅದರ ವರ್ಗದ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆದದ್ದು. z ವಿಷಯದಲ್ಲಿ ವೇರಿಯನ್ಸ್ 1, ಸರಾಸರಿ 0. ಆದ್ದರಿಂದ E[z²] = 1. ಅಂಥ k ವರ್ಗಗಳನ್ನು ಕೂಡಿಸಿದರೆ ಸರಾಸರಿ k.

ವೇರಿಯನ್ಸ್‌ಗೆ ಸ್ವಲ್ಪ ಹೆಚ್ಚು ಬೆವರು ಸುರಿಸಬೇಕು. ಅದೇ ಸೂತ್ರವನ್ನು z²ಕ್ಕೆ ಹಚ್ಚಿದರೆ ಬೇಕಾಗುವುದು z⁴ನ ಸರಾಸರಿ. ಇಲ್ಲಿ ನಾರ್ಮಲ್ ರೇಖೆಯ ಒಂದು ಸೊಗಸಾದ ಗುಣ ಕೈಹಿಡಿಯುತ್ತದೆ. ಆ ರೇಖೆ φ(z) ಆಗಿದ್ದರೆ, ಅದರ ಅವಕಲನ −zφ(z), ಅಂದರೆ ತನ್ನನ್ನೇ −z ನಿಂದ ಗುಣಿಸಿದ್ದು. ಹಾಗಾಗಿ z⁴φ ಅನ್ನು z³ ಮತ್ತು zφ ಎಂದು ಒಡೆದು, ಪಿಯುಸಿಯಲ್ಲಿ ಕಲಿಸುವ ಭಾಗಶಃ ಅನುಕಲನ ಮಾಡಬಹುದು:

∫ z⁴ φ dz = [−z³ φ] + 3 ∫ z² φ dz

ಎರಡೂ ತುದಿಗಳಲ್ಲಿ φ ಎಷ್ಟು ವೇಗವಾಗಿ ಕುಗ್ಗುತ್ತದೆಂದರೆ z³ ಅದನ್ನು ಎತ್ತಿ ಹಿಡಿಯಲಾರದು, ಆವರಣದೊಳಗಿನದು ಸೊನ್ನೆಯಾಗುತ್ತದೆ. ಉಳಿದ ಅನುಕಲನ ಆಗಲೇ ಸಿಕ್ಕಿರುವ E[z²], ಅಂದರೆ 1. ಹಾಗಾಗಿ E[z⁴] = 3, ಮತ್ತು z²ನ ವೇರಿಯನ್ಸ್ 3 − 1 = 2. ಸ್ವತಂತ್ರ ಸಂಖ್ಯೆಗಳನ್ನು ಕೂಡಿಸಿದಾಗ ವೇರಿಯನ್ಸ್‌ಗಳೂ ಕೂಡಿಕೊಳ್ಳುತ್ತವೆ. k ವರ್ಗಗಳ ಮೊತ್ತಕ್ಕೆ 2k. ಸರಾಸರಿಯ ಲೆಕ್ಕಕ್ಕೆ ಸ್ವಾತಂತ್ರ್ಯ ಬೇಕಿರಲಿಲ್ಲ, ಇಲ್ಲಿ ಬೇಕೇ ಬೇಕು.

ಪಠ್ಯಪುಸ್ತಕದಲ್ಲಿ ಕೈ-ಸ್ಕ್ವೇರ್ ಪರೀಕ್ಷೆ ಕಲಿತವರಿಗೆ ಇಲ್ಲೊಂದು ಅನುಮಾನ ಏಳಬೇಕು. ಅಲ್ಲಿ ವ್ಯತ್ಯಾಸದ ವರ್ಗವನ್ನು ಭಾಗಿಸುವುದು ನಿರೀಕ್ಷಿತ ಸಂಖ್ಯೆಯಿಂದ, ವೇರಿಯನ್ಸ್‌ನಿಂದಲ್ಲ. ಹಾಗಿದ್ದರೆ z ಎಲ್ಲಿಂದ ಬಂತು? ವೆಲ್ಡನ್‌ನ ದಾಳಗಳನ್ನು ಎರಡೇ ಗುಂಪು ಮಾಡಿ ನೋಡಬಹುದು. ಐದು-ಆರರ ಗುಂಪಿನಲ್ಲಿ 1,378 ಹೆಚ್ಚಾದರೆ ಉಳಿದ ಮುಖಗಳ ಗುಂಪಿನಲ್ಲಿ ಅಷ್ಟೇ ಕಡಿಮೆ. 1,378ರ ವರ್ಗವನ್ನು 1,05,224ರಿಂದ ಭಾಗಿಸಿದರೆ 18.05, 2,10,448ರಿಂದ ಭಾಗಿಸಿದರೆ 9.02. ಕೂಡಿಸಿದರೆ 27.07, ಮೊದಲು ಸಿಕ್ಕ z²ನಷ್ಟೇ. p + q = 1 ಆಗಿರುವುದರಿಂದ 1/np + 1/nq ಯಾವಾಗಲೂ 1/npq. ಗುಂಪುಗಳು ಎರಡು, ಪದಗಳು ಎರಡು, ಆದರೆ ಒಳಗಿರುವುದು ಒಂದೇ ವರ್ಗ. ಒಟ್ಟು ಮೊತ್ತ ಮೊದಲೇ ನಿಗದಿಯಾಗಿರುವುದರಿಂದ ಒಂದು ಗುಂಪು ಸ್ವಾತಂತ್ರ್ಯ ಕಳೆದುಕೊಂಡಿರುತ್ತದೆ.

ಈ ವಿತರಣೆಯನ್ನು ಜರ್ಮನಿಯ ಹೆಲ್ಮರ್ಟ್ 1870ರ ದಶಕದಲ್ಲೇ ಕಂಡುಕೊಂಡಿದ್ದ. ಎಷ್ಟೇ ಗುಂಪುಗಳಿದ್ದರೂ ಅದನ್ನು ಎಣಿಕೆಗಳಿಗೆ ಅನ್ವಯಿಸುವ ಪರೀಕ್ಷೆಯನ್ನು 1900ರಲ್ಲಿ ಕೊಟ್ಟವನು ಕಾರ್ಲ್ ಪಿಯರ್ಸನ್. ಅವನು ಕೈಗೆತ್ತಿಕೊಂಡ ಉದಾಹರಣೆಗಳಲ್ಲಿ ವೆಲ್ಡನ್‌ನ ದಾಳಗಳೂ ಇದ್ದವು. ಒಂದು ಉರುಳಿಕೆಯಲ್ಲಿ ಸೊನ್ನೆಯಿಂದ ಹನ್ನೆರಡರವರೆಗೆ ಎಷ್ಟು ದಾಳಗಳಲ್ಲಾದರೂ ಐದು-ಆರು ಬೀಳಬಹುದು, ಹಾಗಾಗಿ ಹದಿಮೂರು ಗುಂಪು, ಹನ್ನೆರಡು ಸ್ವತಂತ್ರ ವರ್ಗ. ಸಾಚಾ ದಾಳಕ್ಕೆ ನಿರೀಕ್ಷಿಸಬೇಕಾದ ಮೊತ್ತ 12, ವೇರಿಯನ್ಸ್ 24, ಮಾನಕ ವಿಚಲನೆ 4.9. ಪಿಯರ್ಸನ್‌ಗೆ ಸಿಕ್ಕಿದ್ದು 43.87, ಸರಾಸರಿಯಿಂದ ಆರೂವರೆ ಮಾನಕ ವಿಚಲನೆ ದೂರ.

ಇಲ್ಲಿ ಎಡವುವವರು ಬಹಳ. ನಾರ್ಮಲ್ ರೇಖೆಯಲ್ಲಿ ಆರೂವರೆ ವಿಚಲನೆ ಎಂದರೆ ಸಾವಿರಾರು ಕೋಟಿಗೆ ಒಂದರಂಥ ಅಪರೂಪ. ಆದರೆ ವರ್ಗಗಳ ಮೊತ್ತ ಸೊನ್ನೆಗಿಂತ ಕೆಳಗಿಳಿಯಲಾರದು, ಮೇಲೆ ಎಷ್ಟು ಬೇಕಾದರೂ ಹೋಗಬಹುದು. ಅದರ ಬಲಗಡೆಯ ಬಾಲ ಉದ್ದ. ಸರಿಯಾದ ಸಂಭವನೀಯತೆ 0.000016, ಅಂದರೆ ಸುಮಾರು 62,500ಕ್ಕೆ ಒಂದು. ಸರಾಸರಿ ಮತ್ತು ವೇರಿಯನ್ಸ್ ಅಂದಾಜಿಗೆ ಸಾಕು, ತೀರ್ಪಿಗೆ ಸಾಲವು.

43.87ರ ಒಳಗೂ ಒಮ್ಮೆ ಇಣುಕಬೇಕು. ಹನ್ನೊಂದು ದಾಳಗಳಲ್ಲಿ ಐದು-ಆರು ಬಿದ್ದದ್ದು 4 ಸಲ. ಪಿಯರ್ಸನ್‌ನ ಪಟ್ಟಿಯಲ್ಲಿ ನಿರೀಕ್ಷಿತ ಸಂಖ್ಯೆ 1. ಈ ಒಂದೇ ಸಾಲು 9 ಅಂಕ ಸೇರಿಸಿದೆ. ನಿರೀಕ್ಷೆಯೇ ಒಂದಾಗಿರುವ ಕಡೆ ಎಣಿಕೆ ಗಂಟೆಯಾಕಾರಕ್ಕೆ ಹತ್ತಿರವೂ ಸುಳಿಯುವುದಿಲ್ಲ, ಆದ್ದರಿಂದ ಅದನ್ನು ನಾರ್ಮಲ್‌ನ ವರ್ಗವೆಂದು ನಂಬುವಂತಿಲ್ಲ. ಅಂಥ ಗುಂಪುಗಳನ್ನು ಪಕ್ಕದವುಗಳ ಜೊತೆ ಸೇರಿಸುವುದು ಇಂದಿನ ರೂಢಿ. ಹತ್ತು, ಹನ್ನೊಂದು, ಹನ್ನೆರಡನ್ನು ಒಂದು ಮಾಡಿದರೆ χ² ಸುಮಾರು 36ಕ್ಕೆ ಇಳಿಯುತ್ತದೆ, ಸ್ವತಂತ್ರ ವರ್ಗಗಳು ಹತ್ತಾಗುತ್ತವೆ. ಸಂಭವನೀಯತೆ ಐದು ಪಟ್ಟು ಹೆಚ್ಚಿದರೂ ಹತ್ತು ಸಾವಿರಕ್ಕೆ ಒಂದನ್ನು ಮುಟ್ಟುವುದಿಲ್ಲ. ದಾಳಗಳು ಸಾಚಾ ಅಲ್ಲ ಎಂಬ ತೀರ್ಮಾನ ಅಲುಗುವುದಿಲ್ಲ. ಚುಕ್ಕಿಗಳನ್ನು ಕೊರೆದು ಮಾಡಿದ ದಾಳದಲ್ಲಿ 5 ಮತ್ತು 6ರ ಮುಖಗಳು ತಮ್ಮ ಎದುರಿನ 2 ಮತ್ತು 1ರ ಮುಖಗಳಿಗಿಂತ ಹಗುರ, ಅದಕ್ಕೇ ಮೇಲೆ ಬರುತ್ತವೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಪಿಯರ್ಸನ್ ಇನ್ನೊಂದು ಲೆಕ್ಕವನ್ನೂ ಮಾಡಿದ್ದ. 1/3ರ ಬದಲು ದಾಳಗಳೇ ತೋರಿಸಿದ 0.3377 ಇಟ್ಟುಕೊಂಡಾಗ χ² 17.78ಕ್ಕೆ ಇಳಿಯಿತು, ಹನ್ನೆರಡು ವರ್ಗಗಳ ಲೆಕ್ಕದಲ್ಲಿ ಸಂಭವನೀಯತೆ 0.12. ಆದರೆ 0.3377 ಬಂದದ್ದು ಅದೇ ಎಣಿಕೆಯಿಂದ, ಅದಕ್ಕಾಗಿ ಇನ್ನೊಂದು ಸ್ವಾತಂತ್ರ್ಯವನ್ನು ತೆರಬೇಕು. ಪಿಯರ್ಸನ್ ಅದನ್ನು ಕಳೆದಿರಲಿಲ್ಲ. ಕಳೆಯಲೇಬೇಕೆಂದು 1922ರಲ್ಲಿ ತೋರಿಸಿಕೊಟ್ಟವನು ರೊನಾಲ್ಡ್ ಫಿಷರ್. ಹನ್ನೊಂದು ವರ್ಗಗಳೆಂದು ಲೆಕ್ಕ ಹಾಕಿದರೆ ಆ ಸಂಭವನೀಯತೆ ಸುಮಾರು 0.09.