ಕಾರಿನ ತೂಕ ಹೇಳದ ಲೆಕ್ಕ

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರಿಗೆ ಚಾಲಕ ಒಮ್ಮೆಲೇ ಬ್ರೇಕ್ ಹಾಕುತ್ತಾನೆ. ನಾಲ್ಕೂ ಚಕ್ರಗಳು ಬಿಗಿದುಕೊಂಡು ಕಾರು ಜಾರುತ್ತಾ ಹೋಗಿ ನಿಲ್ಲುತ್ತದೆ. ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾ ಗುಣಾಂಕ 0.5. ಕಾರು ಎಷ್ಟು ದೂರ ಜಾರಿತು?

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇಂಥ ಲೆಕ್ಕ ಹೊಸದಲ್ಲ. ಬಲದ ಮಾತು ಬಂದ ಕೂಡಲೇ F = ma ಬರೆಯುತ್ತೇವೆ. m ಎಷ್ಟೆಂದು ಹುಡುಕಿದರೆ ಪ್ರಶ್ನೆಯಲ್ಲಿ ಅದೇ ಇಲ್ಲ. ಪ್ರಶ್ನೆಯೇ ತಪ್ಪೆಂದು ಕೆಲವರು ಕೈಬಿಡುತ್ತಾರೆ, ಇನ್ನು ಕೆಲವರು ಕಾರಿನ ರಾಶಿ 1000 ಕಿಲೋಗ್ರಾಂ ಎಂದು ತಾವೇ ಇಟ್ಟುಕೊಳ್ಳುತ್ತಾರೆ. ಎರಡೂ ಅವಸರದ ತೀರ್ಮಾನ. ಗೊತ್ತಿಲ್ಲದ್ದನ್ನು m ಎಂಬ ಅಕ್ಷರವಾಗಿಯೇ ಉಳಿಸಿಕೊಂಡು ಮುಂದಕ್ಕೆ ಹೋಗಬೇಕು.

ಕಾರನ್ನು ತಡೆಯುವ ಘರ್ಷಣೆಯ ಬಲ μmg. ಅದು ma ಗೆ ಸಮ. ಎರಡೂ ಕಡೆ ಇರುವ m ಹೊಡೆದುಹೋಗಿ a = μg ಉಳಿಯುತ್ತದೆ. g ಯನ್ನು 10 ಎಂದು ಹಿಡಿದರೆ ವೇಗ ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ಇಳಿಯುತ್ತದೆ. 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಜಾರಿದ ದೂರ v²/2a, ಅಂದರೆ 400 ಭಾಗಿಸು 10, 40 ಮೀಟರ್. ಭಾರದ ಕಾರನ್ನು ನಿಲ್ಲಿಸುವುದು ಕಷ್ಟ, ನಿಜ. ಆದರೆ ಅದು ರಸ್ತೆಯನ್ನು ಅಷ್ಟೇ ಜೋರಾಗಿ ಒತ್ತುತ್ತದೆ, ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. m ಹೊಡೆದುಹೋದದ್ದರ ಹಿಂದೆ ಈ ಕಾರಣವಿದೆ.

ಈಗ ಪ್ರಶ್ನೆಯಲ್ಲಿ ಒಂದೇ ಒಂದು ಬದಲಾವಣೆ ಮಾಡೋಣ. ಘರ್ಷಣಾ ಗುಣಾಂಕದ ಬದಲು, ತಡೆಯುವ ಬಲ 6000 ನ್ಯೂಟನ್ ಎಂದು ಕೊಟ್ಟಿದ್ದಾರೆ. ಇದಕ್ಕೆ ಉತ್ತರ ಸಿಗುವುದಿಲ್ಲ. ಹಾಗೆಂದು ಗೊತ್ತಾಗುವುದು ಹೇಗೆ? ಇಲ್ಲದ ಅಳತೆಗೆ ಎರಡು ಬೇರೆ ಬೇರೆ ಬೆಲೆ ಹಾಕಿ ನೋಡಿ. 1000 ಕಿಲೋಗ್ರಾಂ ಆದರೆ ದೂರ ಸುಮಾರು 33 ಮೀಟರ್, 1500 ಆದರೆ 50 ಮೀಟರ್. ಪ್ರಶ್ನೆಯಲ್ಲಿ ಹೇಳಿದ್ದೆಲ್ಲ ಎರಡೂ ಸಲ ಹಾಗೇ ಇದ್ದು ಉತ್ತರ ಮಾತ್ರ ಬದಲಾದರೆ, ಕೊಟ್ಟ ಮಾಹಿತಿ ಸಾಲದು ಎಂದೇ ಅರ್ಥ. ಯಾವ ಸೂತ್ರ ತಂದರೂ ಅದು ತುಂಬುವುದಿಲ್ಲ.

ಇದನ್ನು ಲೆಕ್ಕ ಮಾಡುವ ಮೊದಲೇ ಪತ್ತೆಹಚ್ಚಲು ಏಕಮಾನಗಳ ಮೇಲೆ ಕಣ್ಣಾಡಿಸಬಹುದು. ನ್ಯೂಟನ್‌ನೊಳಗೆ ಕಿಲೋಗ್ರಾಂ ಅಡಗಿದೆ. ನಮಗೆ ಬೇಕಾದದ್ದು ಬರೀ ಮೀಟರ್. ಆ ಕಿಲೋಗ್ರಾಂ ಅನ್ನು ಹೊಡೆದುಹಾಕಲು ಇನ್ನೊಂದು ಕಿಲೋಗ್ರಾಂ ಎಲ್ಲಿಂದಾದರೂ ಬರಲೇಬೇಕು, ವೇಗದಲ್ಲಿ ಅದು ಇಲ್ಲ. ಮೊದಲ ಪ್ರಶ್ನೆಯಲ್ಲಾದರೋ ಕೊಟ್ಟ ಯಾವ ಅಳತೆಯಲ್ಲೂ ಕಿಲೋಗ್ರಾಂ ಇರಲಿಲ್ಲ, ಹಾಗಾಗಿ ರಾಶಿಯ ಅಗತ್ಯವೂ ಬೀಳಲಿಲ್ಲ.

ಈ ಉಪಾಯವನ್ನು ಪೂರ್ತಿ ನಂಬುವಂತಿಲ್ಲ. ಮೊದಲ ಪ್ರಶ್ನೆಯಿಂದ 0.5 ಎಂಬುದನ್ನೇ ತೆಗೆದುಬಿಡಿ. ವೇಗ ಮತ್ತು g ಎರಡರಿಂದಲೇ ಮೀಟರ್ ಏಕಮಾನದ ಸಂಖ್ಯೆಯೊಂದು ಬರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಘರ್ಷಣಾ ಗುಣಾಂಕಕ್ಕೆ ಏಕಮಾನವೇ ಇಲ್ಲ. ಅದು ಕಾಣೆಯಾದರೆ ಏಕಮಾನಗಳು ಸುಳಿವು ಕೊಡಲಾರವು. ಇಲ್ಲಿ ಮತ್ತೆ ಎರಡು ಬೆಲೆ ಹಾಕಿ ನೋಡುವ ಪರೀಕ್ಷೆಯೇ ಗತಿ: 0.5 ಕ್ಕೆ 40 ಮೀಟರ್, 0.25 ಕ್ಕೆ 80.

ಉತ್ತರ ಬರದ ಪ್ರಶ್ನೆಯಿಂದಲೂ ಏನನ್ನಾದರೂ ಪಡೆಯಬಹುದು, ಅದನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. μ ಗೊತ್ತಿಲ್ಲದಿದ್ದರೂ, ಅದೇ ರಸ್ತೆಯಲ್ಲಿ ವೇಗ ಇಮ್ಮಡಿಯಾದರೆ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ ಎಂದು ಖಚಿತವಾಗಿ ಹೇಳಬಹುದು. μ 1 ಕ್ಕಿಂತ ಹೆಚ್ಚಿಲ್ಲ ಎಂದು ಒಪ್ಪಿದರೆ, 20 ಮೀಟರ್‌ಗಿಂತ ಕಡಿಮೆ ದೂರದಲ್ಲಿ ಕಾರು ನಿಲ್ಲದು ಎಂದೂ ಹೇಳಬಹುದು. ಹಾಗೆಯೇ ಮೊದಲ ಪ್ರಶ್ನೆಗೆ 'ಎಷ್ಟು ಶಾಖ ಹುಟ್ಟಿತು?' ಎಂದು ಸೇರಿಸಿದರೆ ಆಗ ರಾಶಿ ಬೇಕೇ ಬೇಕು. ಅಲ್ಲೂ ಪ್ರತಿ ಕಿಲೋಗ್ರಾಂಗೆ 200 ಜೌಲ್ ಎಂದು ಬರೆದು, ರಾಶಿ ಕೊಟ್ಟಿಲ್ಲವೆಂದು ಪಕ್ಕದಲ್ಲಿ ನಮೂದಿಸುವುದೇ ಸರಿಯಾದ ಉತ್ತರ. 1000 ಎಂದು ಊಹಿಸಿ 2 ಲಕ್ಷ ಜೌಲ್ ಬರೆದರೆ, ಪ್ರಶ್ನೆ ಹೇಳದ ಮಾತನ್ನು ಹೇಳಿದಂತಾಗುತ್ತದೆ.

ಅಪಘಾತದ ತನಿಖೆಯಲ್ಲಿ ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡುತ್ತಾರೆ. ರಸ್ತೆಯ ಮೇಲೆ ಟೈರು ಉಜ್ಜಿದ ಕಪ್ಪು ಗುರುತನ್ನು ಅಳೆದು, ಅದರಿಂದ ವೇಗ ಕಂಡುಹಿಡಿಯುತ್ತಾರೆ. ಗುರುತು 40 ಮೀಟರ್ ಇದ್ದು μ 0.5 ಆಗಿದ್ದರೆ ವೇಗ ಗಂಟೆಗೆ 72 ಕಿಲೋಮೀಟರ್. ಗುರುತಿನ ಕೊನೆಯಲ್ಲಿ ಕಾರು ತಾನಾಗಿ ನಿಲ್ಲದೆ ಏನಕ್ಕಾದರೂ ಗುದ್ದಿದ್ದರೆ, ಆರಂಭದ ವೇಗ ಅದಕ್ಕಿಂತ ಹೆಚ್ಚಿತ್ತು ಎಂದಷ್ಟೇ ಗುರುತು ಹೇಳಬಲ್ಲದು. ಕಾರಿನ ತೂಕವನ್ನು ಈ ಲೆಕ್ಕ ಕೇಳುವುದಿಲ್ಲ. μ ಮಾತ್ರ ಬೇಕು. ಅದನ್ನು ತಿಳಿಯುವ ಒಂದು ಹಳೆಯ ವಿಧಾನವೆಂದರೆ, ಟೈರಿನ ತುಂಡಿಗೆ ಭಾರ ಹೇರಿ, ಅದೇ ರಸ್ತೆಯ ಮೇಲೆ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಎಳೆತವನ್ನು ಅದರ ತೂಕದಿಂದ ಭಾಗಿಸುವುದು.